ಇಂಟರ್‌ವ್ಯೂ ಕೇಸ್‌ಗೆ 3 ಸ್ಲೈಡ್ ಮಾತ್ರ ಅಂದಿದ್ದಾರೆ, ನನ್ನ ಹತ್ತಿರ 11 ಇವೆ

ಮದ್ದೂರಿನವಳು

ಎಲ್ಲರಿಗೂ ನಮಸ್ಕಾರ. ಮೈಸೂರಿನ ಒಂದು ಕಂಪನಿಯಲ್ಲಿ ಬಿಸಿನೆಸ್ ಅನಲಿಸ್ಟ್ ಕೆಲಸಕ್ಕೆ ಎರಡನೇ ಸುತ್ತಿಗೆ ಕರೆದಿದ್ದಾರೆ. ಗುರುವಾರ ಹೆಬ್ಬಾಳದ ಆಫೀಸಿಗೆ ಹೋಗಬೇಕು. ಒಂದು ಕೇಸ್ ಕೊಟ್ಟಿದ್ದಾರೆ. ಹೆಚ್ಚೆಂದರೆ 3 ಸ್ಲೈಡ್, 10 ನಿಮಿಷ ಮಾತು, ಆಮೇಲೆ 20 ನಿಮಿಷ ಪ್ರಶ್ನೆ. ಹಿಂದಿನ ದಿನ ಸಂಜೆಯೊಳಗೆ ಪಿಡಿಎಫ್ ಮಾಡಿ ಕಳಿಸಬೇಕು. ಮೂರಕ್ಕಿಂತ ಜಾಸ್ತಿ ಇದ್ದರೆ ನೋಡುವುದಿಲ್ಲ ಅಂತ ಮೇಲ್‌ನಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ.

ಕೇಸ್ ಏನೆಂದರೆ, ಒಂದು ಸಣ್ಣ ಕಂಪನಿ ಬೆಲ್ಲದ ಪುಡಿ ಮಾರುತ್ತದೆ. ಈ ವರ್ಷ ಮಾರಾಟ ಜಾಸ್ತಿಯಾಗಿದೆ, ಲಾಭ ಇಳಿದಿದೆ. ಯಾಕೆ, ಮತ್ತೆ ಏನು ಮಾಡಬೇಕು? ಬೇರೆಯವರ ಜೊತೆ ಚರ್ಚೆ ಮಾಡಬಹುದು, ಆದರೆ ಡೇಟಾ ಹಂಚಬಾರದು ಅಂದಿದ್ದಾರೆ. ಅದಕ್ಕೆ ವಸ್ತುವನ್ನೂ ಅಂಕಿಗಳನ್ನೂ ಬದಲಾಯಿಸಿ ಹಾಕುತ್ತಿದ್ದೇನೆ. ಬೆಲ್ಲ ಅವರ ವಸ್ತುವಲ್ಲ, ನಮ್ಮ ಊರಿನದು ಅಂತ ನಾನೇ ಇಟ್ಟುಕೊಂಡೆ.

ಈಗ ನನ್ನ ಹತ್ತಿರ 11 ಸ್ಲೈಡ್ ಇವೆ. ಕಂಪನಿ ಪರಿಚಯ, ಮಾರುಕಟ್ಟೆ, ಪ್ರತಿಸ್ಪರ್ಧಿಗಳು, ಬಲ ಮತ್ತು ದೌರ್ಬಲ್ಯ, ಮಾರಾಟದ ಲೆಕ್ಕ, ಖರ್ಚಿನ ಲೆಕ್ಕ, ಗ್ರಾಹಕರ ಅಭಿಪ್ರಾಯ, ಹೀಗೆ. ಇದನ್ನು ಮೂರಕ್ಕೆ ಇಳಿಸುವುದು ಹೇಗೆ?

ಕುವೆಂಪುನಗರ ಎಂಬಿಎ

ಸುಲಭ ಇದೆ. ಒಂದು ಸ್ಲೈಡನ್ನು ನಾಲ್ಕು ಭಾಗ ಮಾಡಿ. ಮೂರು ಸ್ಲೈಡ್‌ಗೆ 12 ಭಾಗ ಸಿಗುತ್ತವೆ, ನಿಮ್ಮ 11 ಅದರಲ್ಲಿ ಕೂರುತ್ತವೆ. ಫಾಂಟ್ 10ಕ್ಕೆ ಇಳಿಸಿ. ನಾವು ಕಾಲೇಜಿನಲ್ಲಿ ಹೀಗೇ ಮಾಡುತ್ತಿದ್ದೆವು, ಮಾರ್ಕ್ಸ್ ಬರುತ್ತಿತ್ತು.

ಹೂಟಗಳ್ಳಿ ಲೆಕ್ಕದವನು

ದಯವಿಟ್ಟು ಹಾಗೆ ಮಾಡಬೇಡಿ. ಸ್ಲೈಡ್ ಮೂರೇ ಇರಬೇಕು ಅಂತ ಅವರು ಕಾಗದ ಉಳಿಸಲು ಹೇಳಿಲ್ಲ. ಯಾವುದನ್ನು ಬಿಡಬೇಕು ಅಂತ ನಿಮಗೆ ಗೊತ್ತಾ ಅನ್ನುವುದನ್ನೇ ನೋಡುತ್ತಾರೆ. 11 ಸ್ಲೈಡನ್ನು ಮಡಚಿ ಮೂರಕ್ಕೆ ತುಂಬಿದರೆ ಆ ಪ್ರಶ್ನೆಗೆ ಗೊತ್ತಿಲ್ಲ ಅಂತ ಉತ್ತರ ಕೊಟ್ಟಂತೆ ಆಗುತ್ತದೆ.

ಮೇಡಂ, ನಿಮ್ಮ ಪಟ್ಟಿ ನೋಡಿದರೆ ಎಲ್ಲ ವಿಷಯ ಇದೆ, ಉತ್ತರ ಎಲ್ಲೂ ಕಾಣಿಸುತ್ತಿಲ್ಲ. ಲಾಭ ಯಾಕೆ ಇಳಿಯಿತು ಅಂತ ಒಂದು ವಾಕ್ಯದಲ್ಲಿ ಹೇಳಿ ನೋಡೋಣ. ಅದು ಬರುವವರೆಗೆ ಸ್ಲೈಡ್ ತೆರೆಯಲೇಬೇಡಿ. ಅಂಕಿ ಹಾಕಿ.

ಮದ್ದೂರಿನವಳು

ಸಾರ್, ಒಂದು ವಾಕ್ಯ ಅಂದರೆ "ಖರ್ಚು ಜಾಸ್ತಿಯಾಗಿದೆ" ಅಂತ ಬರುತ್ತದೆ ಅಷ್ಟೆ.

ಅಂಕಿಗಳು ಹೀಗಿವೆ. ಮಾರಾಟ ಮೂರು ಕಡೆ. ದಿನಸಿ ಅಂಗಡಿಗಳಿಗೆ ಹೋದ ವರ್ಷ 80 ಟನ್ ಹೋಗಿತ್ತು, ಈ ವರ್ಷ 78. ಕೆಜಿಗೆ 18 ರೂಪಾಯಿ ಉಳಿಯುತ್ತದೆ. ಸೂಪರ್‌ಮಾರ್ಕೆಟ್‌ಗೆ 20 ಟನ್ ಇದ್ದದ್ದು 22 ಆಗಿದೆ, ಅಲ್ಲಿ ಕೆಜಿಗೆ 10 ರೂಪಾಯಿ. ಆನ್‌ಲೈನ್ ಈ ವರ್ಷ ಶುರು ಮಾಡಿದ್ದು, 30 ಟನ್. ಅಲ್ಲಿ ಮಾರುವ ಬೆಲೆ ಕೆಜಿಗೆ 150. ಬೆಲ್ಲ ಮತ್ತು ಪ್ಯಾಕಿಂಗ್ 62, ಕಮಿಷನ್ 22, ಕೊರಿಯರ್ ಸರಾಸರಿ 64, ವಾಪಸ್ ಬಂದದ್ದರ ನಷ್ಟ 10. ಆಫೀಸು, ಸಂಬಳದ ಖರ್ಚು ಎರಡೂ ವರ್ಷ ಒಂದೇ ಅಂತ ಕೊಟ್ಟಿದ್ದಾರೆ.

ಹೂಟಗಳ್ಳಿ ಲೆಕ್ಕದವನು

ಇಷ್ಟು ಸಾಕು. ಹೋದ ವರ್ಷ ಅಂಗಡಿಗಳಿಂದ 14.40 ಲಕ್ಷ, ಸೂಪರ್‌ಮಾರ್ಕೆಟ್‌ನಿಂದ 2 ಲಕ್ಷ. ಆಫೀಸು, ಸಂಬಳದ ಖರ್ಚು ಕಳೆಯುವ ಮೊದಲಿನ ಲಾಭ ಒಟ್ಟು 16.40. ಈ ವರ್ಷ ಅಂಗಡಿಗಳಿಂದ 14.04, ಸೂಪರ್‌ಮಾರ್ಕೆಟ್‌ನಿಂದ 2.20. ಆನ್‌ಲೈನ್‌ನಲ್ಲಿ 150ರಿಂದ ಎಲ್ಲ ಕಳೆದರೆ ಕೆಜಿಗೆ 8 ರೂಪಾಯಿ ಕೈಯಿಂದ ಹೋಗುತ್ತಿದೆ. 30 ಟನ್‌ಗೆ 2.40 ಲಕ್ಷ ನಷ್ಟ. ಒಟ್ಟು 13.84.

ಅಂದರೆ ಇಳಿದದ್ದು 2.56 ಲಕ್ಷ. ಅಂಗಡಿಗಳಲ್ಲಿ 36 ಸಾವಿರ ಹೋಯಿತು, ಸೂಪರ್‌ಮಾರ್ಕೆಟ್‌ನಲ್ಲಿ 20 ಸಾವಿರ ಬಂತು, ಉಳಿದದ್ದೆಲ್ಲ ಆನ್‌ಲೈನ್. "ಖರ್ಚು ಜಾಸ್ತಿಯಾಗಿದೆ" ಅನ್ನುವುದಕ್ಕೂ ಇದಕ್ಕೂ ವ್ಯತ್ಯಾಸ ನೋಡಿ. ಅಂಗಡಿಯಲ್ಲಿ, ಸೂಪರ್‌ಮಾರ್ಕೆಟ್‌ನಲ್ಲಿ ಕೆಜಿಗೆ ಒಂದು ಪೈಸೆಯೂ ಖರ್ಚು ಏರಿಲ್ಲ. ನಷ್ಟ ಆಗುವ ಜಾಗದಲ್ಲಿ ಹೊಸದಾಗಿ 30 ಟನ್ ಮಾರಿದ್ದಾರೆ. ಮಾರಾಟ ಏರಿದ್ದೂ ಅದರಿಂದಲೇ, ಲಾಭ ಇಳಿದದ್ದೂ ಅದರಿಂದಲೇ.

ಇಲ್ಲಿಗೆ ನಿಮ್ಮ ಮಾರುಕಟ್ಟೆ ಸ್ಲೈಡ್, ಪ್ರತಿಸ್ಪರ್ಧಿ ಸ್ಲೈಡ್, ಬಲ ಮತ್ತು ದೌರ್ಬಲ್ಯದ ಸ್ಲೈಡ್ ಎಲ್ಲ ತಾನಾಗಿ ಹೋದವು. ಅವುಗಳಿಂದ ಈ 2.56 ಲಕ್ಷದಲ್ಲಿ ಒಂದು ರೂಪಾಯಿಗೂ ಲೆಕ್ಕ ಸಿಗುವುದಿಲ್ಲ.

ಕುವೆಂಪುನಗರ ಎಂಬಿಎ

ಹಾಗಾದರೆ ಉತ್ತರ ಸಿಕ್ಕಿತಲ್ಲ. ಆನ್‌ಲೈನ್ ಮುಚ್ಚಿಬಿಡಿ ಅಂತ ಹೇಳಿ. ಒಂದು ಸ್ಲೈಡ್‌ನಲ್ಲೇ ಮುಗಿಯುತ್ತದೆ.

ಹೂಟಗಳ್ಳಿ ಲೆಕ್ಕದವನು

ಅರ್ಧ ದಾರಿ ಸರಿ ಇದೆ. ಮುಚ್ಚಿದರೆ 2.40 ಲಕ್ಷ ಉಳಿಯುತ್ತದೆ, ಲಾಭ 16.24ಕ್ಕೆ ಬರುತ್ತದೆ. ಆದರೆ "ಕೊರಿಯರ್ ಸರಾಸರಿ 64" ಅಂತ ಬರೆದಿದ್ದಾರಲ್ಲ, ನನಗೆ ಆ ಸರಾಸರಿ ಮೇಲೆ ಕಣ್ಣು. ಕೊರಿಯರ್‌ನವರು ಪಾರ್ಸೆಲ್ ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುತ್ತಾರೆ, ತೂಕ ಏರಿದಷ್ಟೇ ಪ್ರಮಾಣದಲ್ಲಿ ಬೆಲೆ ಏರುವುದಿಲ್ಲ. ಮೇಡಂ, ಆರ್ಡರ್‌ಗಳ ಪಟ್ಟಿ ಕೊಟ್ಟಿದ್ದಾರಾ?

ಮದ್ದೂರಿನವಳು

ಕೊಟ್ಟಿದ್ದಾರೆ ಸಾರ್. ಎಕ್ಸೆಲ್‌ನಲ್ಲಿ ಕೊನೆಯ ಶೀಟ್, 22 ಸಾವಿರ ಸಾಲು. ತುಂಬಾ ಉದ್ದ ಇದೆ ಅಂತ ಈವರೆಗೆ ಗ್ರಾಹಕರ ಊರು ಮಾತ್ರ ನೋಡಿದ್ದೆ. ಈಗ ಆರ್ಡರ್ ತೂಕದ ಮೇಲೆ ಪಿವಟ್ ಮಾಡಿದೆ. ಎರಡೇ ಥರ ಇವೆ. 1 ಕೆಜಿಯ ಆರ್ಡರ್ 18 ಸಾವಿರ, ಪಾರ್ಸೆಲ್‌ಗೆ ಕೊರಿಯರ್ 80 ರೂಪಾಯಿ. 3 ಕೆಜಿಯ ಆರ್ಡರ್ 4 ಸಾವಿರ, ಪಾರ್ಸೆಲ್‌ಗೆ 120.

ಹಾಗಾದರೆ 3 ಕೆಜಿ ಆರ್ಡರ್‌ನಲ್ಲಿ ಕೆಜಿಗೆ ಕೊರಿಯರ್ 40 ಮಾತ್ರ! ಅಲ್ಲಿ ಕೆಜಿಗೆ 16 ರೂಪಾಯಿ ಉಳಿಯುತ್ತಿದೆ. 1 ಕೆಜಿಯಲ್ಲಿ 24 ಹೋಗುತ್ತಿದೆ.

ಹೂಟಗಳ್ಳಿ ಲೆಕ್ಕದವನು

ಇದೇ ನಿಮ್ಮ ಕೇಸ್. 12 ಟನ್ 3 ಕೆಜಿ ಆರ್ಡರ್‌ನಲ್ಲಿ ಹೋಗಿದೆ, 1.92 ಲಕ್ಷ ದುಡಿದಿದೆ. 18 ಟನ್ 1 ಕೆಜಿ ಆರ್ಡರ್‌ನಲ್ಲಿ ಹೋಗಿದೆ, 4.32 ಲಕ್ಷ ತಿಂದಿದೆ. ಎರಡನ್ನೂ ಸೇರಿಸಿ ನೋಡಿದಾಗ 2.40 ನಷ್ಟ ಅಂತ ಕಂಡಿತು. ಆನ್‌ಲೈನ್ ಪೂರ್ತಿ ಮುಚ್ಚಿದರೆ ದುಡಿಯುವ ಭಾಗವೂ ಹೋಗುತ್ತದೆ.

1 ಕೆಜಿ ಆರ್ಡರ್ ಮಾತ್ರ ನಿಲ್ಲಿಸಿ, ಆ ಗ್ರಾಹಕರಲ್ಲಿ ಒಬ್ಬರೂ 3 ಕೆಜಿಗೆ ಬರಲಿಲ್ಲ ಅಂತಲೇ ಇಟ್ಟುಕೊಳ್ಳಿ. ಆಗಲೂ ಲಾಭ 18.16 ಲಕ್ಷ. ಮುಚ್ಚಿದಾಗಿನ 16.24ಕ್ಕಿಂತಲೂ, ಹೋದ ವರ್ಷದ 16.40ಕ್ಕಿಂತಲೂ ಜಾಸ್ತಿ.

ಪಾಂಡವಪುರ ಆಲೆಮನೆ

ನಮ್ಮ ಕಡೆ ಬೆಲ್ಲದ ಮಾತು ಬಂತು ಅಂತ ಓದಿದೆ. ತಂಗೀ, ನಾನೂ ಪುಡಿ ಬೆಲ್ಲ ಮಾಡಿ ಕೊರಿಯರ್‌ನಲ್ಲಿ ಕಳಿಸ್ತೀನಿ. ಪುಡಿ ಗಟ್ಟಿ ಆಗೋದೇ ದೊಡ್ಡ ತಲೆನೋವು. ಮಳೆಗಾಲದಲ್ಲಿ ಬೆಲ್ಲ ಗಾಳಿಯಲ್ಲಿರೋ ತೇವ ಎಳ್ಕೊಳ್ಳುತ್ತೆ. ಪೌಚ್ ಸೀಲ್ ಸ್ವಲ್ಪ ಬಿಟ್ಟುಕೊಂಡರೂ ಸಾಕು, ಗಿರಾಕಿ ಕೈಗೆ ಹೋಗೋಷ್ಟರಲ್ಲಿ ಉಂಡೆ ಕಟ್ಟಿರುತ್ತೆ. ಆಮೇಲೆ ವಾಪಸ್. ನಿಮ್ಮ ಕಂಪನಿಗೆ ಯಾವ ಪೌಚ್ ಹಾಕ್ತಾರೆ? ಕೊರಿಯರ್ 3 ಕೆಜಿಗೆ 120 ಯಾರು ಕೊಡ್ತಾರೆ, ನನಗೆ ಅಷ್ಟಕ್ಕೆ ಸಿಕ್ಕಿಲ್ಲ.

ಮದ್ದೂರಿನವಳು

ಅಣ್ಣಾ, ಇದು ನಿಜವಾದ ಕಂಪನಿ ಅಲ್ಲ, ಇಂಟರ್‌ವ್ಯೂಗೆ ಕೊಟ್ಟ ಲೆಕ್ಕ. ಅಂಕಿ ನಾನು ಬದಲಾಯಿಸಿದ್ದು. ಆದರೆ ಒಂದು ಕೇಳಬೇಕಿತ್ತು. 3 ಕೆಜಿ ಒಟ್ಟಿಗೆ ಕೊಂಡ ಮನೆಯಲ್ಲಿ ಅದು ಉಳಿಯುತ್ತದಾ?

ಪಾಂಡವಪುರ ಆಲೆಮನೆ

ಒಂದೇ ಚೀಲದಲ್ಲಿ ಹಾಕಿದರೆ ಇಲ್ಲ. ಬಾಯಿ ಬಿಚ್ಚಿದ ಮೇಲೆ ಜುಲೈ, ಆಗಸ್ಟ್‌ನಲ್ಲಿ ಬೇಗ ಗಂಟು ಕಟ್ಟುತ್ತೆ. ಒಂದೊಂದು ಕೆಜಿಯ ಮೂರು ಪೌಚ್ ಒಂದು ಡಬ್ಬದಲ್ಲಿಟ್ಟು ಕಳಿಸಿದರೆ ತೊಂದರೆ ಇಲ್ಲ. ಒಂದು ಮುಗಿದ ಮೇಲೆ ಇನ್ನೊಂದು ಬಿಚ್ಚುತ್ತಾರೆ. ಲೆಕ್ಕ ಅಂದ್ರಲ್ಲ, ಆದ್ರೂ ಕೊರಿಯರ್ ರೇಟ್ ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಸರಸ್ವತಿಪುರಂ ಅಕ್ಕ

ನಾನು ಕೆಲವು ವರ್ಷ ಇಂಥ ಇಂಟರ್‌ವ್ಯೂಗಳಲ್ಲಿ ಆ ಕಡೆ ಕೂತಿದ್ದೇನೆ. ಆಲೆಮನೆ ಅವರ ಮಾತನ್ನು ಪಕ್ಕಕ್ಕೆ ಇಡಬೇಡಿ. "ಜನ 3 ಕೆಜಿ ಯಾಕೆ ಕೊಳ್ಳುತ್ತಾರೆ, ಹಾಳಾಗುವುದಿಲ್ಲವಾ?" ಅಂತ ಯಾರಾದರೂ ಒಬ್ಬರು ಖಂಡಿತ ಕೇಳುತ್ತಾರೆ. ನಿಮ್ಮ ನಿಜವಾದ ಕೇಸಿನ ವಸ್ತು ಬೇರೆ ಇರಬಹುದು, ಆದರೂ ಆ ವಸ್ತುವನ್ನು ಮನೆಯಲ್ಲಿ ಹೇಗೆ ಬಳಸುತ್ತಾರೆ ಅಂತ ಯೋಚಿಸಿ ಹೋಗಿ. ಎಕ್ಸೆಲ್ ಮಾತ್ರ ನೋಡಿ ಬಂದವರು ಆ ಪ್ರಶ್ನೆಗೆ ನಿಂತುಬಿಡುತ್ತಾರೆ.

ಈಗ ಮೂರು ಸ್ಲೈಡ್ ಹೇಗೆ ಹಾಕುತ್ತೀರಿ, ಬರೆದು ತೋರಿಸಿ.

ಮದ್ದೂರಿನವಳು

ಅಕ್ಕಾ, ಹೀಗೆ ಅಂದುಕೊಂಡಿದ್ದೇನೆ. ಮೊದಲನೆಯದರ ತಲೆಬರಹ "ಲಾಭದ ವಿಶ್ಲೇಷಣೆ", ಮೂರೂ ಕಡೆಯ ಪಟ್ಟಿ. ಎರಡನೆಯದು "ಆನ್‌ಲೈನ್ ವಿಶ್ಲೇಷಣೆ", 1 ಕೆಜಿ ಮತ್ತು 3 ಕೆಜಿ ಲೆಕ್ಕ. ಮೂರನೆಯದು "ಸಲಹೆಗಳು". ಅದರಲ್ಲಿ ಏಳು ಸಲಹೆ ಇವೆ: 1 ಕೆಜಿ ನಿಲ್ಲಿಸುವುದು, ಪೌಚ್ ಬದಲಾಯಿಸುವುದು, ಜಾಹೀರಾತು, ಹೊಸ ಅಂಗಡಿಗಳು, ಹೀಗೆ.

ಸರಸ್ವತಿಪುರಂ ಅಕ್ಕ

ಕ್ರಮ ಚೆನ್ನಾಗಿದೆ. ತಲೆಬರಹ ಬದಲಾಯಿಸಿ. "ಲಾಭದ ವಿಶ್ಲೇಷಣೆ" ಅಂತ ಬರೆದರೆ ನಾನು ಪಟ್ಟಿ ಪೂರ್ತಿ ಓದಿ ನಾನೇ ಅರ್ಥ ಹುಡುಕಬೇಕು. ಓದುತ್ತಾ ಇರುವಾಗ ನಿಮ್ಮ ಮಾತು ನನ್ನ ಕಿವಿಗೆ ಬೀಳುವುದಿಲ್ಲ. ಅದರ ಬದಲು "ಲಾಭ 2.56 ಲಕ್ಷ ಇಳಿದಿದೆ, ಅದರಲ್ಲಿ 2.40 ಲಕ್ಷ ಆನ್‌ಲೈನ್‌ನಿಂದ" ಅಂತ ಬರೆಯಿರಿ. ಎರಡನೆಯದಕ್ಕೆ "ಆನ್‌ಲೈನ್‌ನಲ್ಲಿ ನಷ್ಟ ಇರುವುದು 1 ಕೆಜಿ ಆರ್ಡರ್‌ನಲ್ಲಿ ಮಾತ್ರ". ಮೂರನೆಯದಕ್ಕೆ "1 ಕೆಜಿ ಆರ್ಡರ್ ನಿಲ್ಲಿಸಿದರೆ ಲಾಭ ಕನಿಷ್ಠ 18.16 ಲಕ್ಷ". ಈ ಮೂರು ತಲೆಬರಹಗಳನ್ನು ಮಾತ್ರ ಓದಿದವರಿಗೂ ನಿಮ್ಮ ಮಾತು ಪೂರ್ತಿ ತಿಳಿಯಬೇಕು.

ಸಲಹೆ ಏಳು ಬೇಡ. ನೀವು ಲೆಕ್ಕ ಮಾಡಿರುವುದು ಒಂದಕ್ಕೆ ಮಾತ್ರ. ಉಳಿದ ಆರರಲ್ಲಿ ಯಾವುದನ್ನು ಹಿಡಿದು ಕೇಳಿದರೂ ಅಂಕಿ ಇರುವುದಿಲ್ಲ. ಪ್ಯಾನೆಲ್‌ನವರು ಸಾಮಾನ್ಯವಾಗಿ ಅದನ್ನೇ ಹಿಡಿಯುತ್ತಾರೆ.

ಹೂಟಗಳ್ಳಿ ಲೆಕ್ಕದವನು

ಮೊದಲ ಸ್ಲೈಡ್‌ಗೆ ಪಟ್ಟಿ ಬೇಡ, ವಾಟರ್‌ಫಾಲ್ ಚಾರ್ಟ್ ಹಾಕಿ. ಎಡಕ್ಕೆ 16.40ರ ಕಂಬ, ಆಮೇಲೆ ಅಂಗಡಿ ಇಳಿಕೆ 0.36, ಸೂಪರ್‌ಮಾರ್ಕೆಟ್ ಏರಿಕೆ 0.20, ಆನ್‌ಲೈನ್ ಇಳಿಕೆ 2.40, ಬಲಕ್ಕೆ 13.84ರ ಕಂಬ. ಪವರ್‌ಪಾಯಿಂಟ್ 2016ರಿಂದ ಈಚೆಗೆ ಈ ಚಾರ್ಟ್ ಒಳಗೇ ಇದೆ. ಒಂದು ಕಡೆ ಹುಷಾರಾಗಿರಿ. ಕೊನೆಯ ಕಂಬವನ್ನು ಆರಿಸಿ ರೈಟ್ ಕ್ಲಿಕ್ ಮಾಡಿ `Set as Total` ಕೊಡಬೇಕು. ಕೊಡದಿದ್ದರೆ 13.84ನ್ನೂ ಏರಿಕೆ ಅಂತ ತಿಳಿದು ಹಿಂದಿನದರ ಮೇಲೆ ಕೂರಿಸುತ್ತದೆ, ಕಂಬ ಮುಗಿಲಿಗೆ ಹೋಗುತ್ತದೆ. ಕೊನೆಯ ಕಂಬ ನೆಲದಿಂದ ಶುರುವಾಗಿದೆಯಾ ಅಂತ ನೋಡಿದರೆ ಗೊತ್ತಾಗುತ್ತದೆ.

ಅಕ್ಷವನ್ನು ಸೊನ್ನೆಯಿಂದಲೇ ಶುರು ಮಾಡಿ. 12ರಿಂದ ಶುರು ಮಾಡಿದರೆ 13.84ರ ಕಂಬ ಅರ್ಧಕ್ಕಿಂತ ಕೆಳಗೆ ಕಾಣುತ್ತದೆ, ಲಾಭ ಅರ್ಧಕ್ಕಿಂತ ಜಾಸ್ತಿ ಹೋಯಿತೇನೋ ಅನಿಸುತ್ತದೆ. ಲೆಕ್ಕ ಬಲ್ಲವರು ಇದ್ದರೆ ಅಲ್ಲೇ ನಂಬಿಕೆ ಹೋಗುತ್ತದೆ.

ಎರಡನೆಯದರಲ್ಲಿ ಎರಡು ಕಂಬ ಸಾಕು. 150 ರೂಪಾಯಿ ಎಲ್ಲೆಲ್ಲಿ ಹೋಗುತ್ತದೆ ಅಂತ 1 ಕೆಜಿಗೆ ಒಂದು, 3 ಕೆಜಿಗೆ ಒಂದು. ಬೆಲ್ಲ, ಕಮಿಷನ್, ವಾಪಸ್ ಎಲ್ಲ ಎರಡಕ್ಕೂ ಒಂದೇ. ಅವನ್ನು ಬೂದು ಬಣ್ಣದಲ್ಲಿ ಬಿಡಿ. ಕೊರಿಯರ್‌ಗೆ ಮಾತ್ರ ಬಣ್ಣ ಕೊಡಿ. 80 ಮತ್ತು 40 ಕಣ್ಣಿಗೆ ಬಿದ್ದರೆ ಮುಗಿಯಿತು.

ಕುವೆಂಪುನಗರ ಎಂಬಿಎ

ಒಂದು ಉಪಾಯ ಹೇಳುತ್ತೇನೆ. ಆನಿಮೇಷನ್ ಹಾಕಿದರೆ ಒಂದೇ ಸ್ಲೈಡ್‌ನಲ್ಲಿ ಕ್ಲಿಕ್ ಮಾಡಿದ ಹಾಗೆ ಬೇರೆ ಬೇರೆ ಚಾರ್ಟ್ ಬರಿಸಬಹುದು. ಎಣಿಸಿದರೆ ಮೂರೇ ಸ್ಲೈಡ್. ಜೊತೆಗೆ ಕೊನೆಯಲ್ಲಿ ಬ್ಯಾಕಪ್ ಸ್ಲೈಡ್ ಇಟ್ಟುಕೊಳ್ಳಿ, ಕೇಳಿದರೆ ಮಾತ್ರ ತೋರಿಸಿ.

ಹೂಟಗಳ್ಳಿ ಲೆಕ್ಕದವನು

ಪಿಡಿಎಫ್ ಮಾಡಿ ಕಳಿಸಿ ಅಂದಿದ್ದಾರೆ. ಪಿಡಿಎಫ್‌ನಲ್ಲಿ ಆನಿಮೇಷನ್ ಉಳಿಯುವುದಿಲ್ಲ. ಒಂದರ ಮೇಲೆ ಒಂದಿಟ್ಟ ಚಾರ್ಟ್‌ಗಳೆಲ್ಲ ಒಟ್ಟಿಗೆ ಅಚ್ಚಾಗಿ, ಯಾವುದೂ ಓದಲು ಬರದ ಹಾಗೆ ಆಗುತ್ತದೆ. ಬ್ಯಾಕಪ್ ಸ್ಲೈಡ್ ಕೂಡ ಸ್ಲೈಡೇ. ಮೂರು ಅಂದರೆ ಮೂರು.

ಸರಸ್ವತಿಪುರಂ ಅಕ್ಕ

ಬ್ಯಾಕಪ್ ವಿಷಯದಲ್ಲಿ ನನ್ನ ಅನುಭವ ಸ್ವಲ್ಪ ಬೇರೆ. ಕೆಲವು ಕಡೆ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ತಯಾರಿ ಚೆನ್ನಾಗಿದೆ ಅಂತಲೇ ತಿಳಿಯುತ್ತಾರೆ. ಆದರೆ ಇವರು ಜಾಸ್ತಿ ಇದ್ದರೆ ನೋಡುವುದಿಲ್ಲ ಅಂತ ಬರೆದಿರುವಾಗ ನಾನಾದರೆ ಕಳಿಸುವುದಿಲ್ಲ. ಹೆಸರಿನ ಸ್ಲೈಡ್ ಲೆಕ್ಕಕ್ಕೆ ಬರುತ್ತದಾ ಅಂತ ಎಚ್‌ಆರ್‌ಗೆ ಒಂದು ಸಾಲಿನ ಮೇಲ್ ಹಾಕಿ ಕೇಳಿ, ತಪ್ಪೇನಿಲ್ಲ. ಉತ್ತರ ಬರದಿದ್ದರೆ ಹೆಸರಿನ ಸ್ಲೈಡ್ ಬಿಟ್ಟು, ಮೊದಲ ಸ್ಲೈಡ್‌ನ ಕೆಳಗೆ ಸಣ್ಣದಾಗಿ ಹೆಸರು ಹಾಕಿ.

ಬ್ಯಾಕಪ್ ಬದಲು ಒಂದು ಹಾಳೆಯಲ್ಲಿ ನಿಮಗೋಸ್ಕರ ಲೆಕ್ಕ ಬರೆದಿಟ್ಟುಕೊಳ್ಳಿ. 20 ನಿಮಿಷದ ಪ್ರಶ್ನೆ ಇದೆ ಅಂದರೆ ಆ ಕೆಲಸಕ್ಕೆ ಆರಿಸುವುದು ಅಲ್ಲೇ. ಸ್ಲೈಡ್‌ನಿಂದ ಬಿಟ್ಟದ್ದೆಲ್ಲ ನಿಮ್ಮ ತಲೆಯಲ್ಲಿ ಇರಬೇಕು.

ಮದ್ದೂರಿನವಳು

ಆ ಪ್ರಶ್ನೆಗಳ ಬಗ್ಗೆಯೇ ಭಯ. 1 ಕೆಜಿ ನಿಲ್ಲಿಸಿದರೆ ಎಷ್ಟು ಜನ 3 ಕೆಜಿಗೆ ಬರುತ್ತಾರೆ ಅಂತ ಕೇಳಿದರೆ ಏನು ಹೇಳಲಿ? ಡೇಟಾದಲ್ಲಿ ಅದು ಇಲ್ಲ.

ಹೂಟಗಳ್ಳಿ ಲೆಕ್ಕದವನು

ಇಲ್ಲ ಅಂತಲೇ ಹೇಳಿ. ಊಹೆ ಮಾಡಿ 40 ಪರ್ಸೆಂಟ್ ಅನ್ನಬೇಡಿ. ನಿಮ್ಮ ಸಲಹೆಯ ಬಲ ಇರುವುದೇ ಅಲ್ಲಿ. ಒಬ್ಬರೂ ಬರದಿದ್ದರೆ 18.16. ತೂಕದ ಲೆಕ್ಕದಲ್ಲಿ ಅರ್ಧ ಬಂದರೆ, ಅಂದರೆ 9 ಟನ್, ಇನ್ನೂ 1.44 ಲಕ್ಷ ಸೇರಿ 19.60. ಕೆಟ್ಟ ಲೆಕ್ಕದಲ್ಲೂ ನಿರ್ಧಾರ ಬದಲಾಗುವುದಿಲ್ಲ. ಮೂರನೇ ಸ್ಲೈಡ್‌ನಲ್ಲಿ ನಾಲ್ಕು ಕಂಬ ಹಾಕಿ: ಈಗಿನದು 13.84, ಪೂರ್ತಿ ಮುಚ್ಚಿದರೆ 16.24, 1 ಕೆಜಿ ನಿಲ್ಲಿಸಿ ಯಾರೂ ಬರದಿದ್ದರೆ 18.16, ಅರ್ಧ ಬಂದರೆ 19.60. ಮುಚ್ಚುವ ದಾರಿಯನ್ನೂ ನೋಡಿ ಬಿಟ್ಟಿದ್ದೀರಿ ಅಂತ ಅವರಿಗೆ ಕಾಣಲಿ.

ಅದರ ಕೆಳಗೆ ಎರಡು ಸಾಲು, ನೀವು ಏನು ನಂಬಿಕೊಂಡು ಲೆಕ್ಕ ಮಾಡಿದ್ದೀರಿ ಅಂತ. ವಾಪಸ್ ಬರುವ ನಷ್ಟ 10 ರೂಪಾಯಿ ಎರಡೂ ಥರದ ಆರ್ಡರ್‌ಗೆ ಒಂದೇ ಅಂತ ತೆಗೆದುಕೊಂಡಿದ್ದೀರಿ, ಡೇಟಾದಲ್ಲಿ ಬೇರೆ ಮಾಡಿ ಕೊಟ್ಟಿಲ್ಲ. 3 ಕೆಜಿ ಡಬ್ಬ ವಾಪಸ್ ಬಂದರೆ ಮೂರು ಕೆಜಿಯೂ ಬರುತ್ತದೆ, ಹಾಗಾಗಿ ಅದು ಜಾಸ್ತಿಯೂ ಇರಬಹುದು. ಎಷ್ಟರವರೆಗೆ ತಡೆಯುತ್ತದೆ ಅಂತ ಹೇಳಿ: 3 ಕೆಜಿಯಲ್ಲಿ ವಾಪಸ್ ನಷ್ಟ ಕೆಜಿಗೆ 26 ಆಗುವವರೆಗೆ ಅಲ್ಲಿ ನಷ್ಟ ಇಲ್ಲ.

ಕುವೆಂಪುನಗರ ಎಂಬಿಎ

1 ಕೆಜಿ ನಿಲ್ಲಿಸುವ ಬದಲು ಡೆಲಿವರಿ ಚಾರ್ಜ್ ಹಾಕಬಹುದಲ್ಲ? 1 ಕೆಜಿ ಬೇಕಾದವರು 40 ರೂಪಾಯಿ ಕೊಡಲಿ.

ಹೂಟಗಳ್ಳಿ ಲೆಕ್ಕದವನು

ಒಳ್ಳೆಯ ಪ್ರಶ್ನೆ. 24 ರೂಪಾಯಿ ತೆಗೆದುಕೊಂಡರೆ ನಷ್ಟ ಸೊನ್ನೆಗೆ ಬರುತ್ತದೆ. 40 ತೆಗೆದುಕೊಂಡರೆ ಕೆಜಿಗೆ 16 ಉಳಿಯುತ್ತದೆ, 3 ಕೆಜಿಯಷ್ಟೇ. ಆದರೆ ಆ ಚಾರ್ಜ್ ಮೇಲೂ ಕಮಿಷನ್ ಬೀಳುತ್ತದಾ ಅಂತ ನೋಡಬೇಕು. ನಿಲ್ಲಿಸುವುದಕ್ಕಿಂತ ಇದು ಮೇಲು ಅನ್ನಲು ನನಗೆ ಮನಸ್ಸಿದೆ, ಗ್ರಾಹಕರನ್ನು ಕಳಿಸುವುದಿಲ್ಲವಲ್ಲ.

ಸರಸ್ವತಿಪುರಂ ಅಕ್ಕ

ನಾನು ಒಪ್ಪುವುದಿಲ್ಲ. 10 ನಿಮಿಷದಲ್ಲಿ ಎರಡು ದಾರಿ ಇಟ್ಟರೆ ಎರಡೂ ಅರ್ಧ ಆಗುತ್ತವೆ. ಮೂರನೇ ಸ್ಲೈಡ್‌ನಲ್ಲಿ ನಿಲ್ಲಿಸುವುದೇ ಇರಲಿ. ಡೆಲಿವರಿ ಚಾರ್ಜ್ ಪ್ರಶ್ನೆ ಬಂದಾಗ 24 ಮತ್ತು 40 ಬಾಯಲ್ಲಿ ಹೇಳಲಿ. ಆಗ ಆಗಲೇ ಯೋಚಿಸಿದ್ದಾಳೆ ಅಂತ ಗೊತ್ತಾಗುತ್ತದೆ.

ಹೂಟಗಳ್ಳಿ ಲೆಕ್ಕದವನು

ಅದೇ ಪ್ಯಾನೆಲ್‌ನಲ್ಲಿ ಮಾರ್ಕೆಟಿಂಗ್‌ನವರು ಇದ್ದರೆ "18 ಸಾವಿರ ಆರ್ಡರ್ ಬಿಡಿ" ಅಂದ ತಕ್ಷಣ ಎದುರು ನಿಲ್ಲುತ್ತಾರೆ. ನಾನಾದರೆ ಚಾರ್ಜ್ ಅನ್ನೇ ಮುಂದೆ ಇಡುತ್ತೇನೆ. ತೀರ್ಮಾನ ಮೇಡಂ ಮಾಡಲಿ.

ಮದ್ದೂರಿನವಳು

ಎಚ್‌ಆರ್ ಉತ್ತರ ಬಂತು. ಹೆಸರಿನ ಸ್ಲೈಡ್ ಕೂಡ ಮೂರರಲ್ಲಿ ಸೇರುತ್ತದೆ ಅಂದಿದ್ದಾರೆ, ಅದನ್ನು ಬಿಟ್ಟೆ. ನಿಜವಾದ ಕೇಸಿನಲ್ಲೂ ಆರ್ಡರ್ ಶೀಟನ್ನು ಗಾತ್ರದ ಮೇಲೆ ಒಡೆದು ನೋಡಿದೆ. ಅಲ್ಲಿ ನಾಲ್ಕು ಗಾತ್ರ ಇವೆ, ಎರಡರಲ್ಲಿ ನಷ್ಟ. ನಿಲ್ಲಿಸುವುದೇ ಸ್ಲೈಡ್‌ನಲ್ಲಿ, ಚಾರ್ಜ್ ಲೆಕ್ಕ ಹಾಳೆಯಲ್ಲಿ.

ಇನ್ನೊಂದು ಉಳಿದಿದೆ. ಅಂಗಡಿಗಳಲ್ಲಿ ಇಳಿದ 2 ಟನ್. ಅದು ಆನ್‌ಲೈನ್‌ಗೆ ಹೋದ ಗ್ರಾಹಕರಾ, ಬೇರೆ ಕಾರಣವಾ? ಇದನ್ನು ನಾನೇ ಎತ್ತಬೇಕಾ, ಅವರು ಕೇಳುವವರೆಗೆ ಸುಮ್ನೆ ಇರಬೇಕಾ?

ಸರಸ್ವತಿಪುರಂ ಅಕ್ಕ

ಮೊದಲ ಸ್ಲೈಡ್‌ನಲ್ಲಿ 0.36ರ ಕಂಬ ಕಾಣುತ್ತಲ್ಲ, ಅಲ್ಲೇ ಒಂದು ಮಾತು ಹೇಳಿ ಮುಂದೆ ಹೋಗಿ. "ಇದರ ಕಾರಣ ಈ ಡೇಟಾದಿಂದ ತಿಳಿಯುವುದಿಲ್ಲ, ಊರುವಾರು ಅಂಗಡಿ ಮಾರಾಟ ಸಿಕ್ಕರೆ ನೋಡಬಹುದು." ನೀವು ಮೊದಲೇ ಗ್ರಾಹಕರ ಊರು ನೋಡಿದ್ದೀರಲ್ಲ. ಆನ್‌ಲೈನ್ ಆರ್ಡರ್ ಜಾಸ್ತಿ ಇರುವ ಊರುಗಳಲ್ಲೇ ಅಂಗಡಿ ಮಾರಾಟ ಇಳಿದಿದೆಯಾ ಅಂತ ಹೋಲಿಸಬಹುದು. ಅಂಗಡಿ ಕಡೆಯ ಪಟ್ಟಿ ಕೊಟ್ಟಿದ್ದಾರಾ?

ಮದ್ದೂರಿನವಳು

ಇಲ್ಲ ಅಕ್ಕಾ, ಅಂಗಡಿಗಳದ್ದು ಒಟ್ಟು ಮಾತ್ರ ಇದೆ. ಆ ಮಾತನ್ನೇ ಹೇಳುತ್ತೇನೆ.

ಪಾಂಡವಪುರ ಆಲೆಮನೆ

ನಾನೂ ನನ್ನ ಪಾರ್ಸೆಲ್ ಚೀಟಿಗಳನ್ನು 1 ಕೆಜಿ, 3 ಕೆಜಿ ಅಂತ ಬೇರೆ ಮಾಡಿ ಕೂಡಿಸ್ತಾ ಇದ್ದೀನಿ. 5 ಕೆಜಿಗೆ ಕೊರಿಯರ್ ಎಷ್ಟು ಬೀಳುತ್ತೆ ಅಂತ ಯಾರಾದರೂ ಹೇಳ್ತೀರಾ?